ಪೊಳ್ಳುಳ್ಳ ಆವಿಷ್ಟ ಗೋಳ: ಸಮ್ಮಿತಿ ಮತ್ತು ಫ್ಲಕ್ಸ್‌ನಿಂದ ಪ್ರತಿ ವಲಯದ ವಿದ್ಯುತ್ ಕ್ಷೇತ್ರವನ್ನು ಕಂಡುಹಿಡಿಯುವ ಕ್ರಮ

ದಪ್ಪ ಗೋಡೆಯ ಒಂದು ಗೋಳ, ಅದರ ನಡುವೆ ಗೋಳಾಕಾರದ ಒಂದು ಪೊಳ್ಳು, ಗೋಡೆಯಲ್ಲಿ ಒಂದಷ್ಟು ವಿದ್ಯುದಾವೇಶ. ಪೊಳ್ಳಿನಲ್ಲಿ, ಗೋಡೆಯ ದಪ್ಪದೊಳಗೆ ಮತ್ತು ಗೋಳದ ಹೊರಗೆ ವಿದ್ಯುತ್ ಕ್ಷೇತ್ರ ಎಷ್ಟಿರುತ್ತದೆ, ಯಾವ ದಿಕ್ಕಿಗಿರುತ್ತದೆ ಎಂಬುದು ಪ್ರಶ್ನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟು ವಿಜ್ಞಾನಕ್ಕೆ ಸೇರಿದ ಮಕ್ಕಳಿಗೆ ಸ್ಥಿರವಿದ್ಯುತ್ತಿನ ಪಾಠದಲ್ಲಿ ಈ ಪ್ರಶ್ನೆ ಬೇಗನೆ ಎದುರಾಗುತ್ತದೆ. ಅವರಲ್ಲಿ ಹೆಚ್ಚಿನವರು ಉತ್ತರದ ಸೂತ್ರಗಳನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಪೊಳ್ಳು ಸ್ವಲ್ಪ ಪಕ್ಕಕ್ಕೆ ಸರಿದರೆ ಅಥವಾ ಅವಾಹಕದ ಬದಲು ಲೋಹ ಬಂದರೆ ಯಾವ ಸೂತ್ರ ಉಳಿಯುತ್ತದೆ, ಯಾವುದು ಬಿದ್ದುಹೋಗುತ್ತದೆ ಎಂದು ಹೇಳಲು ತಡವರಿಸುತ್ತಾರೆ. ಆದ್ದರಿಂದ ಇಲ್ಲಿ ಒಂದೇ ಅಳತೆಯ ಗೋಳವನ್ನು ತೆಗೆದುಕೊಂಡು, ಮೊದಲು ಅವಾಹಕವಾಗಿ, ಬಳಿಕ ಲೋಹವಾಗಿ, ಕೊನೆಗೆ ಸಮ್ಮಿತಿಯನ್ನು ಕೆಡಿಸಿ, ಪ್ರತಿ ಹಂತದಲ್ಲೂ ಯಾವ ಮಾತಿಗೆ ಯಾವ ಆಧಾರ ಎಂಬುದನ್ನು ನೋಡುತ್ತ ಹೋಗುತ್ತೇನೆ.

ಗೋಳದ ಅಳತೆ ಹೀಗಿದೆ. ಪೊಳ್ಳಿನ ತ್ರಿಜ್ಯ a = 10 ಸೆಂ.ಮೀ., ಹೊರಮೈಯ ತ್ರಿಜ್ಯ b = 20 ಸೆಂ.ಮೀ., ಗೋಡೆಯ ಒಟ್ಟು ಆವೇಶ Q = +7 ನ್ಯಾನೊಕೂಲಂಬ್. ಒಡೆದ ತೆಂಗಿನಕಾಯಿಯಲ್ಲಿ ತಿರುಳು ಎಲ್ಲಿದೆಯೋ ಅಲ್ಲಿ ಆವೇಶವಿದೆ, ನೀರು ಇದ್ದ ಜಾಗ ಖಾಲಿ ಎಂದು ಭಾವಿಸಿದರೆ ಚಿತ್ರ ಸಾಕಷ್ಟು ಸ್ಪಷ್ಟವಾಗುತ್ತದೆ. ಲೆಕ್ಕದಲ್ಲಿ ಕೂಲಂಬ್ ಸ್ಥಿರಾಂಕವನ್ನು k = 9×10⁹ ಎಂದು ತೆಗೆದುಕೊಳ್ಳೋಣ; k ಎಂದರೆ 1/4πε₀.

ಗಾಸ್ ನಿಯಮ ಹೇಳುವುದು ಎಷ್ಟು

ಯಾವುದೇ ಮುಚ್ಚಿದ ಮೇಲ್ಮೈಯಿಂದ ಹೊರಬರುವ ಒಟ್ಟು ಫ್ಲಕ್ಸ್, ಆ ಮೇಲ್ಮೈಯ ಒಳಗಿರುವ ಒಟ್ಟು ಆವೇಶವನ್ನು ε₀ದಿಂದ ಭಾಗಿಸಿದಷ್ಟಿರುತ್ತದೆ. ಮೇಲ್ಮೈ ಯಾವ ಆಕಾರದ್ದಾದರೂ, ಆವೇಶ ಹೇಗೆ ಹರಡಿದ್ದರೂ ಈ ಮಾತು ನಿಜ.

```
Φ = ∮ E·dA = q_enc / ε₀
```

ಆದರೆ ನಿಯಮ ಕೊಡುವುದು ಒಟ್ಟು ಫ್ಲಕ್ಸ್ ಎಂಬ ಒಂದೇ ಒಂದು ಸಂಖ್ಯೆಯನ್ನು. ನಮಗೆ ಬೇಕಾದುದು ಒಂದು ಬಿಂದುವಿನಲ್ಲಿ E ಎಷ್ಟು ಎಂಬುದು. ಮೇಲ್ಮೈಯ ಒಂದು ಕಡೆ E ಜೋರಾಗಿದ್ದು ಇನ್ನೊಂದು ಕಡೆ ಕಡಿಮೆಯಿರಬಹುದು. ಒಂದು ಕಡೆ ಒಳಕ್ಕೆ ಹೋಗಿ ಇನ್ನೊಂದು ಕಡೆ ಹೊರಕ್ಕೆ ಬರಬಹುದು. ಒಟ್ಟು ಮೊತ್ತದಿಂದ ಅದನ್ನೆಲ್ಲ ಹಿಂದಕ್ಕೆ ಬಿಡಿಸಿಕೊಳ್ಳಲು ಸಾಧ್ಯವಿಲ್ಲ. E ಅನ್ನು ಸಂಕಲನದ ಹೊರಗೆ ತರಬೇಕಾದರೆ ಅದು ಇಡೀ ಮೇಲ್ಮೈಯಲ್ಲಿ ಒಂದೇ ಪರಿಮಾಣದ್ದೂ ಮೇಲ್ಮೈಗೆ ಲಂಬವೂ ಆಗಿದೆ ಎಂದು ನಿಯಮವನ್ನು ಬಳಸುವ ಮೊದಲೇ ನಮಗೆ ಗೊತ್ತಿರಬೇಕು. ಆ ತಿಳಿವಳಿಕೆ ಬರುವುದು ಸಮ್ಮಿತಿಯಿಂದ ಮಾತ್ರ.

ಸಮ್ಮಿತಿಯ ವಾದವನ್ನು ಪೂರ್ತಿ ಬರೆಯಿರಿ

ಉತ್ತರಪತ್ರಿಕೆಗಳಲ್ಲಿ «ಸಮ್ಮಿತಿಯಿಂದಾಗಿ E ತ್ರಿಜ್ಯದ ದಿಕ್ಕಿನಲ್ಲಿದೆ» ಎಂಬ ಒಂದು ಸಾಲು ಬರುತ್ತದೆ. ಅದರ ಹಿಂದಿರುವ ವಾದವನ್ನು ಒಮ್ಮೆಯಾದರೂ ಪೂರ್ತಿ ಬರೆದು ನೋಡದಿದ್ದರೆ ಅದು ಎಲ್ಲಿ ಸಲ್ಲುವುದಿಲ್ಲ ಎಂಬುದು ತಿಳಿಯುವುದಿಲ್ಲ.

ಗೋಡೆ ಅವಾಹಕದ್ದಾಗಿದ್ದು ಆವೇಶ ಅದರ ಇಡೀ ಘನದಲ್ಲಿ ಸಮನಾಗಿ ಹರಡಿದೆ ಎನ್ನೋಣ. ಕೇಂದ್ರ O, ಕ್ಷೇತ್ರ ಬೇಕಾದ ಬಿಂದು P. ಕ್ಷೇತ್ರಕ್ಕೆ OP ರೇಖೆಯಿಂದ ಪಕ್ಕಕ್ಕೆ ಒಂದು ಅಂಶವಿದೆ ಎಂದು ಊಹಿಸಿ. ಈಗ ಗೋಳವನ್ನು OP ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿ. ಆವೇಶದ ಹರವು ಮೊದಲಿನಂತೆಯೇ ಕಾಣುತ್ತದೆ, ಒಂದು ಕಣವೂ ವ್ಯತ್ಯಾಸವಾಗಿಲ್ಲ. ಆದ್ದರಿಂದ P ಬಿಂದುವಿನ ಕ್ಷೇತ್ರವೂ ಬದಲಾಗಬಾರದು. ಆದರೆ ಪಕ್ಕದ ಅಂಶ ಗೋಳದ ಜೊತೆಗೇ ತಿರುಗಿ ವಿರುದ್ಧ ದಿಕ್ಕಿಗೆ ಮುಖ ಮಾಡಿರಬೇಕು. ಎರಡೂ ಒಟ್ಟಿಗೆ ನಿಜವಾಗಬೇಕಾದರೆ ಪಕ್ಕದ ಅಂಶ ಸೊನ್ನೆಯೇ ಆಗಿರಬೇಕು. ಹೀಗೆ E ತ್ರಿಜ್ಯದ ಗುಂಟವೇ ಇದೆ. ಇನ್ನು O ಮೂಲಕ ಹೋಗುವ ಬೇರೆ ಯಾವುದಾದರೂ ಅಕ್ಷದ ಸುತ್ತ ಗೋಳವನ್ನು ತಿರುಗಿಸಿ P ಬಿಂದುವನ್ನು ಅಷ್ಟೇ ದೂರದ ಇನ್ನೊಂದು ಬಿಂದುವಿಗೆ ತರಬಹುದು. ಆಗಲೂ ಹರವು ಬದಲಾಗಿಲ್ಲ. ಆದ್ದರಿಂದ ಒಂದೇ ದೂರ r ಇರುವ ಎಲ್ಲ ಬಿಂದುಗಳಲ್ಲೂ E ಒಂದೇ.

ಈ ವಾದ ಪೊಳ್ಳು ಮತ್ತು ಹೊರಮೈ ಎರಡಕ್ಕೂ ಒಂದೇ ಕೇಂದ್ರವಿದೆ ಎಂಬುದನ್ನು ಬಳಸಿಕೊಂಡಿದೆ. ಮುಂದೆ ಪೊಳ್ಳನ್ನು ಪಕ್ಕಕ್ಕೆ ಸರಿಸಿದಾಗ ಈ ಆಧಾರ ತಪ್ಪುತ್ತದೆ.

ಈಗ P ಮೂಲಕವೇ ಹಾಯುವ, O ಕೇಂದ್ರವಾಗಿರುವ, r ತ್ರಿಜ್ಯದ ಕಾಲ್ಪನಿಕ ಗೋಳವನ್ನು ಎಳೆಯಿರಿ. ಅದೇ ಗಾಸಿಯನ್ ಮೇಲ್ಮೈ. ಅದರ ಎಲ್ಲೆಡೆ E ಒಂದೇ ಆಗಿ, ಮೇಲ್ಮೈಗೆ ಲಂಬವಾಗಿರುವುದರಿಂದ ಫ್ಲಕ್ಸ್ ಎಂದರೆ E ಗುಣಿಸು 4πr², ಅಷ್ಟೇ.

```
E · 4πr² = q_enc / ε₀
E = k · q_enc / r²
```

ಇಲ್ಲಿಂದ ಮುಂದೆ ಪ್ರತಿ ವಲಯದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ r ತ್ರಿಜ್ಯದ ಗೋಳದೊಳಗೆ ಎಷ್ಟು ಆವೇಶವಿದೆ?

ಅವಾಹಕ ಗೋಡೆ: ಮೂರು ವಲಯಗಳು

ಪೊಳ್ಳಿನೊಳಗೆ, ಅಂದರೆ r < a ಇರುವಲ್ಲಿ, ಕಾಲ್ಪನಿಕ ಗೋಳದೊಳಗೆ ಆವೇಶವೇ ಇಲ್ಲ. E·4πr² = 0, ಆದ್ದರಿಂದ E = 0. ಕೇಂದ್ರದಲ್ಲಿ ಮಾತ್ರವಲ್ಲ, ಪೊಳ್ಳಿನ ಮೂಲೆಮೂಲೆಯಲ್ಲೂ ಸೊನ್ನೆ. ಗೋಡೆಗೆ ತೀರ ಹತ್ತಿರದ ಬಿಂದುವಿನಲ್ಲಿ ಹತ್ತಿರದ ಆವೇಶ ಸ್ವಲ್ಪ, ಆದರೆ ಬಲವಾಗಿ ತಳ್ಳುತ್ತದೆ. ದೂರದ ಗೋಡೆಯಲ್ಲಿ ಆವೇಶ ಹೆಚ್ಚು, ತಳ್ಳುವುದು ದುರ್ಬಲವಾಗಿ. ಎರಡೂ ಕರಾರುವಾಕ್ಕಾಗಿ ಸರಿದೂಗುತ್ತವೆ. ಹೀಗೆ ಸರಿದೂಗಲು ಕಾರಣ ಬಲವು ದೂರದ ವರ್ಗಕ್ಕೆ ವಿಲೋಮವಾಗಿರುವುದು. ಘಾತ 2ರ ಬದಲು ಬೇರೆ ಸಂಖ್ಯೆಯಾಗಿದ್ದರೆ ಪೊಳ್ಳಿನಲ್ಲಿ ಕ್ಷೇತ್ರ ಉಳಿಯುತ್ತಿತ್ತು. ಕ್ಯಾವೆಂಡಿಶ್ 18ನೆಯ ಶತಮಾನದಲ್ಲಿ ಒಂದರೊಳಗೊಂದು ಇಟ್ಟ ಲೋಹದ ಗೋಳಗಳಿಂದ ಕೂಲಂಬ್ ನಿಯಮದ ಘಾತವನ್ನು ಪರೀಕ್ಷಿಸಿದ್ದು ಇದೇ ಆಧಾರದ ಮೇಲೆ. ಒಳಗಿನ ಗೋಳದಲ್ಲಿ ಆವೇಶ ಸಿಗದೆ ಹೋದುದೇ ಅವನಿಗೆ ಬೇಕಾದ ಉತ್ತರವಾಗಿತ್ತು.

ಗೋಡೆಯ ದಪ್ಪದೊಳಗೆ, a < r < b ಇರುವಲ್ಲಿ, ನಮ್ಮ ಕಾಲ್ಪನಿಕ ಗೋಳ ಗೋಡೆಯ ಒಂದು ಭಾಗವನ್ನು ಮಾತ್ರ ಒಳಗೊಂಡಿದೆ. ಆವೇಶ ಸಮನಾಗಿ ಹರಡಿರುವುದರಿಂದ ಒಳಗಿನ ಆವೇಶವು ಘನಗಾತ್ರದ ಪ್ರಮಾಣದಲ್ಲಿರುತ್ತದೆ. ಆದರೆ ಯಾವ ಘನಗಾತ್ರ? r ತ್ರಿಜ್ಯದ ಇಡೀ ಗೋಳದ್ದಲ್ಲ. ಅದರಿಂದ ಪೊಳ್ಳಿನ ಗಾತ್ರವನ್ನು ಕಳೆಯಬೇಕು. ಅದೇ ರೀತಿ ಛೇದದಲ್ಲಿಯೂ ಇಡೀ ಗೋಡೆಯ ಗಾತ್ರ ಬರಬೇಕು, b ತ್ರಿಜ್ಯದ ತುಂಬು ಗೋಳದ್ದಲ್ಲ.

```
q_enc = Q (r³ − a³) / (b³ − a³)
E = k Q (r³ − a³) / [ (b³ − a³) r² ]
```

ಹೆಚ್ಚಿನ ತಪ್ಪುಗಳು ಈ ಸಾಲಿನಲ್ಲಿಯೇ ಆಗುತ್ತವೆ. a³ ಅನ್ನು ಮರೆತು r³/b³ ಎಂದು ಬರೆಯುವುದು ಒಂದು ತಪ್ಪು. ಮೇಲ್ಮೈಯ ವಿಸ್ತೀರ್ಣಕ್ಕೆ 4πr² ಬದಲು 4πb² ಹಾಕುವುದು ಇನ್ನೊಂದು. ಕಾಲ್ಪನಿಕ ಗೋಳವನ್ನು P ಮೂಲಕ ಎಳೆಯದೆ, ಕಣ್ಣಿಗೆ ಕಾಣುವ ಹೊರಮೈಯ ಮೇಲೆಯೇ ಎಳೆಯುವವರು ಈ ಎರಡನೆಯ ತಪ್ಪಿಗೆ ಬೀಳುತ್ತಾರೆ. ಮೊದಲನೆಯದನ್ನು ಹಿಡಿಯಲು ಸುಲಭದ ಪರೀಕ್ಷೆಯಿದೆ: r = a ಹಾಕಿದರೆ ಸೊನ್ನೆ ಬರಬೇಕು, r = b ಹಾಕಿದರೆ kQ/b² ಬರಬೇಕು. ಮೊದಲ ತಪ್ಪು r = a ಯಲ್ಲಿಯೇ ಸಿಕ್ಕಿಬೀಳುತ್ತದೆ. ಎರಡನೆಯದು ಎರಡು ತುದಿಗಳಲ್ಲಿಯೂ ಸರಿಯಾಗಿ ಕಂಡು ನಡುವೆ ತಪ್ಪುತ್ತದೆ. ಆದ್ದರಿಂದ ನಡುವಿನ ಒಂದು ಬಿಂದುವಿನ ಲೆಕ್ಕವನ್ನೂ ಒಳಗಿನ ಆವೇಶದಿಂದ ನೇರವಾಗಿ ಮಾಡಿ ನೋಡಬೇಕು.

ನಮ್ಮ ಅಳತೆಯಲ್ಲಿ, ತ್ರಿಜ್ಯವನ್ನು 10 ಸೆಂ.ಮೀ.ಗಳ ಲೆಕ್ಕದಲ್ಲಿ ಹಿಡಿದರೆ, b³ − a³ = 8 − 1 = 7. ಒಟ್ಟು ಆವೇಶವೂ 7 ನ್ಯಾನೊಕೂಲಂಬ್ ಆಗಿರುವುದರಿಂದ ಲೆಕ್ಕ ಹಗುರವಾಗುತ್ತದೆ. r = 15 ಸೆಂ.ಮೀ. ಇರುವಲ್ಲಿ r³ = 3.375, ಒಳಗಿನ ಆವೇಶ 3.375 − 1 = 2.375 ನ್ಯಾನೊಕೂಲಂಬ್.

```
E(15 cm) = 9×10⁹ × 2.375×10⁻⁹ / (0.15)² = 950 N/C
E(20 cm) = 9×10⁹ × 7×10⁻⁹ / (0.20)² = 1575 N/C
E(30 cm) = 9×10⁹ × 7×10⁻⁹ / (0.30)² = 700 N/C
```

ಕೊನೆಯ ಸಾಲು ಹೊರವಲಯದ್ದು. r > b ಇರುವಲ್ಲಿ ಇಡೀ ಆವೇಶ ಒಳಗಿದೆ, ಕ್ಷೇತ್ರ ಕೇಂದ್ರದಲ್ಲಿ 7 ನ್ಯಾನೊಕೂಲಂಬ್‌ನ ಬಿಂದು ಆವೇಶವಿದ್ದಂತೆ. ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ನಕ್ಷೆಯನ್ನು ಎಳೆದರೆ 10 ಸೆಂ.ಮೀ.ವರೆಗೆ ಸೊನ್ನೆ, ಅಲ್ಲಿಂದ 20 ಸೆಂ.ಮೀ.ವರೆಗೆ ಏರಿಕೆ, ಬಳಿಕ ಇಳಿಕೆ. ಎಲ್ಲಿಯೂ ರೇಖೆ ಕಡಿದುಹೋಗುವುದಿಲ್ಲ. ಒಳಮೈ ಮತ್ತು ಹೊರಮೈಯಲ್ಲಿ ಮೊನೆ ಮಾತ್ರ ಬರುತ್ತದೆ. ಆವೇಶ ಘನದಲ್ಲಿ ಹರಡಿದ್ದಾಗ ಕ್ಷೇತ್ರ ಹೀಗೆ ಅಖಂಡವಾಗಿರಬೇಕು. ನಿಮ್ಮ ಸೂತ್ರಗಳು b ಯಲ್ಲಿ ಎರಡು ಬೇರೆ ಬೆಲೆ ಕೊಟ್ಟರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಒಂದು ಮಿತಿಯನ್ನು ಹೇಳಲೇಬೇಕು. ನಾವು ಗೋಡೆಯ ವಸ್ತುವಿನ ಧ್ರುವೀಕರಣವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆವೇಶವನ್ನು ಶೂನ್ಯಾವಕಾಶದಲ್ಲಿ ಅಲುಗಾಡದಂತೆ ಅಂಟಿಸಿಟ್ಟಂತೆ ಭಾವಿಸಿದ್ದೇವೆ. ನಿಜವಾದ ಮೇಣ ಅಥವಾ ಗಾಜಿನ ಗೋಡೆಯಾದರೆ ಅದರೊಳಗಿನ ಕ್ಷೇತ್ರ ಆ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕದಷ್ಟು ಪಾಲು ತಗ್ಗುತ್ತದೆ. ಏಕಕೇಂದ್ರ ಗೋಳದಲ್ಲಿ ಹೊರಗಿನ 700 ನ್ಯೂಟನ್/ಕೂಲಂಬ್ ಮಾತ್ರ ಹಾಗೆಯೇ ಉಳಿಯುತ್ತದೆ.

ಅದೇ ಗೋಳ ಲೋಹದ್ದಾದರೆ

ಈಗ ಗೋಡೆ ಲೋಹದ್ದು. ಒಟ್ಟು ಆವೇಶ ಮೊದಲಿನಂತೆ +7 ನ್ಯಾನೊಕೂಲಂಬ್, ಪೊಳ್ಳಿನ ಕೇಂದ್ರದಲ್ಲಿ −2 ನ್ಯಾನೊಕೂಲಂಬ್‌ನ ಬಿಂದು ಆವೇಶವನ್ನು ಗೋಡೆಗೆ ತಾಗದಂತೆ ಇಟ್ಟಿದ್ದೇವೆ. ಇಲ್ಲಿ ಆವೇಶ ಎಲ್ಲಿ ಕುಳಿತಿದೆ ಎಂದು ನಮಗೆ ಯಾರೂ ಹೇಳಿಲ್ಲ. ಅದನ್ನೇ ಮೊದಲು ಕಂಡುಹಿಡಿಯಬೇಕು. ಆದ್ದರಿಂದ ಕ್ರಮ ತಿರುಗುಮುರುಗಾಗುತ್ತದೆ. ಅವಾಹಕದಲ್ಲಿ ಆವೇಶದಿಂದ ಕ್ಷೇತ್ರಕ್ಕೆ ಬಂದೆವು; ಲೋಹದಲ್ಲಿ ಗೋಡೆಯೊಳಗಿನ ಕ್ಷೇತ್ರ ಮೊದಲೇ ಗೊತ್ತಿದೆ, ಅದರಿಂದ ಆವೇಶಕ್ಕೆ ಹೋಗುತ್ತೇವೆ.

ಲೋಹದೊಳಗೆ ಸ್ಥಿರಸ್ಥಿತಿಯಲ್ಲಿ E = 0. ಸೊನ್ನೆಯಲ್ಲದಿದ್ದರೆ ಅಲ್ಲಿನ ಸ್ವತಂತ್ರ ಇಲೆಕ್ಟ್ರಾನುಗಳು ಚಲಿಸುತ್ತಿರಬೇಕಾಗಿತ್ತು. ಅವು ಚಲಿಸಿ, ಕ್ಷೇತ್ರವನ್ನು ಅಳಿಸಿ ನಿಂತ ಮೇಲಿನ ಸ್ಥಿತಿಯನ್ನೇ ನಾವು ಲೆಕ್ಕ ಹಾಕುತ್ತಿರುವುದು. ಈಗ ಲೋಹದ ದಪ್ಪದೊಳಗೆ, 15 ಸೆಂ.ಮೀ. ತ್ರಿಜ್ಯದ ಗಾಸಿಯನ್ ಗೋಳ ಎಳೆಯಿರಿ. ಅದರ ಮೇಲೆ ಎಲ್ಲೆಡೆ E ಸೊನ್ನೆ, ಆದ್ದರಿಂದ ಫ್ಲಕ್ಸ್ ಸೊನ್ನೆ, ಆದ್ದರಿಂದ ಒಳಗಿನ ಒಟ್ಟು ಆವೇಶವೂ ಸೊನ್ನೆ. ಒಳಗೆ −2 ಇದ್ದೇ ಇದೆ. ಹಾಗಾದರೆ ಪೊಳ್ಳಿನ ಗೋಡೆಯ ಮೇಲೆ +2 ನ್ಯಾನೊಕೂಲಂಬ್ ಇರಲೇಬೇಕು. ಲೋಹದ ಒಟ್ಟು ಆವೇಶ +7. ದಪ್ಪದೊಳಗೆ ಏನೂ ಇರಲಾರದು. ಉಳಿದ +5 ಹೊರಮೈಗೆ ಹೋಗುತ್ತದೆ.

ಇಲ್ಲಿ ಮಾಡುವ ತಪ್ಪು ಎಂದರೆ, ಹೊರಮೈಯಲ್ಲಿ Q ಅಷ್ಟೂ ಇದೆ ಎಂದು +7 ಬರೆದು, ಒಳಮೈಯ +2 ಅನ್ನು ಅದರ ಮೇಲೆ ಹೊಸದಾಗಿ ಸೇರಿಸುವುದು. ಒಳಮೈಗೆ ಬಂದ +2 ಎಲ್ಲಿಂದಲೋ ಹುಟ್ಟಿದ್ದಲ್ಲ; ಲೋಹದ ಒಟ್ಟು 7ರಿಂದಲೇ ಬಂದದ್ದು. ಒಳಮೈ ಮತ್ತು ಹೊರಮೈಗಳನ್ನು ಕೂಡಿಸಿದರೆ ಲೋಹಕ್ಕೆ ಕೊಟ್ಟ ಆವೇಶವೇ ಸಿಗಬೇಕು.

```
r = 5 cm (ಪೊಳ್ಳು):   9 × 2 / (0.05)² = 7200 N/C, ಒಳಮುಖ
r = 15 cm (ಲೋಹ):    0
r = 30 cm (ಹೊರಗೆ):   9 × 5 / (0.30)² = 500 N/C, ಹೊರಮುಖ
```

ಈ ಸಲ ಕ್ಷೇತ್ರದ ನಕ್ಷೆ ಕಡಿದುಹೋಗುತ್ತದೆ. ಪೊಳ್ಳಿನ ಗೋಡೆಯ ಹತ್ತಿರ 1800 ನ್ಯೂಟನ್/ಕೂಲಂಬ್ ಒಳಮುಖ, ಲೋಹ ಪ್ರವೇಶಿಸಿದೊಡನೆ ಸೊನ್ನೆ. ಹೊರಮೈಯಾಚೆಗೆ ಕಾಲಿಟ್ಟೊಡನೆ 1125 ಹೊರಮುಖ. ಆವೇಶ ತೆಳುವಾದ ಪದರವಾಗಿ ಮೇಲ್ಮೈಯಲ್ಲಿ ಕುಳಿತಾಗ ಕ್ಷೇತ್ರ σ/ε₀ ಅಷ್ಟು ಜಿಗಿಯುತ್ತದೆ; σ ಎಂದರೆ ಮೇಲ್ಮೈಯ ಏಕಮಾನ ವಿಸ್ತೀರ್ಣದಲ್ಲಿರುವ ಆವೇಶ. ಒಳಮೈಯಲ್ಲಿ 2 ನ್ಯಾನೊಕೂಲಂಬ್ ಅನ್ನು 4πa² ದಿಂದಲೂ ε₀ ದಿಂದಲೂ ಭಾಗಿಸಿದರೆ ಸುಮಾರು 1800 ಬರುವುದನ್ನು ಮಾಡಿ ನೋಡಬಹುದು. ಜಿಗಿತ ಮತ್ತು ಆವೇಶ ತಾಳೆಯಾದರೆ ಲೆಕ್ಕ ಸರಿ. ಸರಿಯಾಗಿ r = b ಯಲ್ಲಿಯೇ E ಎಷ್ಟು ಎಂದು ಇಲ್ಲಿ ಕೇಳುವುದರಲ್ಲಿ ಅರ್ಥವಿಲ್ಲ; ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಎಂದೇ ಹೇಳಬೇಕು.

ಇದೇ −2 ನ್ಯಾನೊಕೂಲಂಬ್ ಅನ್ನು ಅವಾಹಕ ಗೋಳದ ಕೇಂದ್ರದಲ್ಲಿಟ್ಟಿದ್ದರೆ ಏನಾಗುತ್ತಿತ್ತು? ಪೊಳ್ಳಿನಲ್ಲಿ ಅದೇ 7200, ಹೊರಗೆ ಅದೇ 500. ಹೊರಗೆ ನಿಂತು ಅಳೆಯುವವನಿಗೆ ಎರಡು ಗೋಳಗಳ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ. ಗೋಡೆಯೊಳಗೆ ಮಾತ್ರ ಕಥೆ ಬೇರೆ: 12 ಸೆಂ.ಮೀ. ಇರುವಲ್ಲಿ ಒಳಗಿನ ಆವೇಶ 0.728 − 2 = −1.272, ಕ್ಷೇತ್ರ 795 ಒಳಮುಖ, 15 ಸೆಂ.ಮೀ. ಇರುವಲ್ಲಿ ಒಳಗಿನ ಆವೇಶ +0.375, ಕ್ಷೇತ್ರ 150 ಹೊರಮುಖ. ನಡುವೆ ಎಲ್ಲೋ ಅದು ಸೊನ್ನೆಯನ್ನು ದಾಟಿದೆ. r³ − a³ ಎಂಬುದು 2a³ಕ್ಕೆ ಸಮನಾಗುವಲ್ಲಿ, ಅಂದರೆ ಸುಮಾರು 14.4 ಸೆಂ.ಮೀ. ದೂರದಲ್ಲಿ, ಗೋಡೆಯ ಧನ ಆವೇಶ ಕೇಂದ್ರದ ಋಣ ಆವೇಶವನ್ನು ಸರಿಯಾಗಿ ತುಂಬಿಕೊಡುತ್ತದೆ. ಅವಾಹಕದಲ್ಲಿ ಒಂದೇ ಒಂದು ಗೋಳಮೈಯ ಮೇಲೆ ಕ್ಷೇತ್ರ ಸೊನ್ನೆ. ಲೋಹದಲ್ಲಿ ಇಡೀ ದಪ್ಪದಲ್ಲಿ ಸೊನ್ನೆ.

ಒಳಗಿನ ಆವೇಶವನ್ನು ಪಕ್ಕಕ್ಕೆ ಸರಿಸಿದಾಗ

ಲೋಹದ ಗೋಳವನ್ನು ಹಾಗೆಯೇ ಇಟ್ಟು, −2 ನ್ಯಾನೊಕೂಲಂಬ್ ಅನ್ನು ಕೇಂದ್ರದಿಂದ 4 ಸೆಂ.ಮೀ. ಬಲಕ್ಕೆ ಸರಿಸೋಣ. ಈಗ ಪ್ರತಿಯೊಂದು ಹಿಂದಿನ ಮಾತನ್ನೂ ಮತ್ತೆ ವಿಚಾರಣೆಗೆ ಒಳಪಡಿಸಬೇಕು.

ಲೋಹದೊಳಗೆ E = 0 ಎಂಬುದಕ್ಕೆ ಸಮ್ಮಿತಿ ಬೇಕಿರಲಿಲ್ಲ; ಅದು ಉಳಿಯಿತು. ಆದ್ದರಿಂದ ಒಳಮೈಯ ಒಟ್ಟು ಆವೇಶ +2, ಹೊರಮೈಯದು +5 ಎಂಬುದೂ ಉಳಿಯಿತು. ಆದರೆ ಒಳಮೈಯ +2 ಇನ್ನು ಸಮನಾಗಿ ಹರಡಿಲ್ಲ; ಋಣ ಆವೇಶ ಹತ್ತಿರ ಬಂದ ಕಡೆ ದಟ್ಟವಾಗಿದೆ. ಪೊಳ್ಳಿನೊಳಗೆ O ಸುತ್ತ ಎಳೆದ ಗಾಸಿಯನ್ ಗೋಳದ ಮೇಲೆ E ಎಲ್ಲೆಡೆ ಒಂದೇ ಅಲ್ಲ. ಗಾಸ್ ನಿಯಮ ಅಲ್ಲಿಯೂ ನಿಜವೇ, ಆದರೆ ಅದರಿಂದ E ಸಿಗುವುದಿಲ್ಲ. ಇಲ್ಲಿ ಬಿಂಬ ಆವೇಶದ ವಿಧಾನವನ್ನು ಬಳಸಬೇಕು: ಪೊಳ್ಳಿನೊಳಗಿನ ಕ್ಷೇತ್ರಕ್ಕೆ ಇಡೀ ಗೋಡೆಯ ಬದಲು, ಕೇಂದ್ರದಿಂದ a²/s = 100/4 = 25 ಸೆಂ.ಮೀ. ದೂರದಲ್ಲಿ, ಅದೇ ಬಲ ದಿಕ್ಕಿನಲ್ಲಿ, 2 × 10/4 = +5 ನ್ಯಾನೊಕೂಲಂಬ್ ಇದೆ ಎಂದು ಭಾವಿಸಿದರೆ ಸಾಕು. ಈ 5 ಕ್ಕೂ ಹೊರಮೈಯ 5 ಕ್ಕೂ ಸಂಬಂಧವಿಲ್ಲ. ಸಂಖ್ಯೆ ಕಾಕತಾಳೀಯವಾಗಿ ಒಂದೇ ಬಂದಿದೆ.

```
ಬಲಗೋಡೆ:  18/(0.06)² + 45/(0.15)² = 5000 + 2000 = 7000 N/C
ಎಡಗೋಡೆ:  18/(0.14)² − 45/(0.35)² ≈ 918 − 367 = 551 N/C
```

ಕೇಂದ್ರದಲ್ಲಿದ್ದಾಗ ಗೋಡೆಯುದ್ದಕ್ಕೂ 1800 ಇದ್ದ ಕ್ಷೇತ್ರ ಈಗ ಒಂದು ಬದಿಯಲ್ಲಿ 7000, ಇನ್ನೊಂದು ಬದಿಯಲ್ಲಿ 551. ಒಟ್ಟು ಫ್ಲಕ್ಸ್ ಮಾತ್ರ ಕೂದಲೆಳೆಯಷ್ಟೂ ಬದಲಾಗಿಲ್ಲ.

ಹೊರಗೆ ಏನಾಯಿತು? −2 ಮತ್ತು ಒಳಮೈಯ +2 ಸೇರಿ ಪೊಳ್ಳಿನಾಚೆ ಎಲ್ಲೆಡೆ ಪರಸ್ಪರ ಸಂಪೂರ್ಣವಾಗಿ ಅಳಿಸಿಕೊಳ್ಳುತ್ತವೆ, ಲೋಹದೊಳಗೆ ಮಾತ್ರವಲ್ಲ, ಹೊರಗೂ. ಆದ್ದರಿಂದ ಹೊರಮೈಯ +5ಕ್ಕೆ ಒಳಗಿನ ಆವೇಶ ಎಲ್ಲಿದೆ ಎಂಬ ಸುಳಿವೇ ಸಿಗುವುದಿಲ್ಲ. ಅದು ತನ್ನಷ್ಟಕ್ಕೆ ಗೋಳದ ಮೇಲೆ ಸಮನಾಗಿ ಹರಡಿಕೊಳ್ಳುತ್ತದೆ. ಹೊರಗೆ ಸಮ್ಮಿತಿ ಉಳಿದಿದೆ, ಗಾಸ್ ನಿಯಮ ಅಲ್ಲಿ E ಕೊಡುತ್ತದೆ, 30 ಸೆಂ.ಮೀ. ದೂರದಲ್ಲಿ ಯಾವ ದಿಕ್ಕಿಗೆ ಹೋದರೂ ಅದೇ 500.

ಇದನ್ನು ಕಣ್ಣಾರೆ ನೋಡಬಹುದು. ಫ್ಯಾರಡೆ 1843ರಲ್ಲಿ ಮಂಜುಗಡ್ಡೆಯ ಬಕೆಟ್ಟಿನಿಂದ ತೋರಿಸಿದ ಪ್ರಯೋಗ ಇದೇ. ಆಳವಾದ ಒಂದು ಲೋಹದ ಡಬ್ಬವನ್ನು ಥರ್ಮೋಕೋಲ್ ಹಲಗೆಯ ಮೇಲಿಟ್ಟು, ಅದರ ಹೊರಮೈಯಿಂದ ಒಂದು ತಂತಿಯನ್ನು ಅಲ್ಯೂಮಿನಿಯಂ ಹಾಳೆಯ ಎಲೆಗಳಿರುವ ಇಲೆಕ್ಟ್ರೊಸ್ಕೋಪಿಗೆ ಜೋಡಿಸಿ. ಅಲ್ಯೂಮಿನಿಯಂ ಹಾಳೆ ಸುತ್ತಿದ ಸಣ್ಣ ಥರ್ಮೋಕೋಲ್ ಉಂಡೆಯನ್ನು ನೈಲಾನ್ ದಾರಕ್ಕೆ ಕಟ್ಟಿ, ಉಣ್ಣೆ ಬಟ್ಟೆಯಿಂದ ಉಜ್ಜಿದ ಪಿವಿಸಿ ಪೈಪಿಗೆ ತಾಗಿಸಿ ಆವೇಶ ಕೊಡಿ. ಉಂಡೆಯನ್ನು ಡಬ್ಬದೊಳಗೆ ಎಲ್ಲಿಯೂ ತಾಗದಂತೆ ಇಳಿಸಿದರೆ ಎಲೆಗಳು ಅಗಲುತ್ತವೆ. ಆಳದಲ್ಲಿಯೇ ಉಂಡೆಯನ್ನು ಅತ್ತ ಇತ್ತ ಸರಿಸಿ ನೋಡಿ: ಎಲೆಗಳ ಅಗಲ ಬದಲಾಗುವುದಿಲ್ಲ. ಬಾಯಿಯ ಹತ್ತಿರಕ್ಕೆ ತಂದರೆ ಮಾತ್ರ ಎಲೆಗಳು ತಗ್ಗುತ್ತವೆ, ಏಕೆಂದರೆ ಅಲ್ಲಿ ಡಬ್ಬ ಪೂರ್ತಿ ಮುಚ್ಚಿದ ಮೇಲ್ಮೈಯಲ್ಲ, ಫ್ಲಕ್ಸ್‌ನ ಒಂದು ಪಾಲು ಬಾಯಿಯಿಂದ ಹೊರಬೀಳುತ್ತದೆ. ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳ ಮಳೆಯಲ್ಲಿ ಈ ಪ್ರಯೋಗಕ್ಕೆ ಕೈ ಹಾಕಬೇಡಿ. ತೇವದಿಂದ ಆವೇಶ ಸೋರಿ, ಉಂಡೆಯನ್ನು ಸರಿಸಿದ್ದರಿಂದಲೇ ಎಲೆಗಳು ಇಳಿದವು ಎಂಬ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ. ಡಿಸೆಂಬರ್, ಜನವರಿಯ ಒಣ ಬೆಳಗು ಒಳ್ಳೆಯದು. ಆಗಲೂ ಮೊದಲು ಇಲೆಕ್ಟ್ರೊಸ್ಕೋಪಿಗೆ ಮಾತ್ರ ಆವೇಶ ಕೊಟ್ಟು, ಪ್ರಯೋಗಕ್ಕೆ ಬೇಕಾದಷ್ಟು ಹೊತ್ತು ಎಲೆಗಳು ನಿಲ್ಲುತ್ತವೆಯೇ ಎಂದು ನೋಡಿಕೊಳ್ಳಬೇಕು.

ಅವಾಹಕದಲ್ಲಿ ಪೊಳ್ಳೇ ಪಕ್ಕಕ್ಕೆ ಸರಿದರೆ

ಕೊನೆಯದಾಗಿ, ಬಿಂದು ಆವೇಶವನ್ನು ತೆಗೆದುಬಿಡಿ, ಗೋಡೆಯನ್ನು ಮತ್ತೆ ಅವಾಹಕವಾಗಿಸಿ, ಹಿಂದಿನಂತೆ ಧ್ರುವೀಕರಣವನ್ನು ಬದಿಗಿಡಿ. ಆದರೆ 10 ಸೆಂ.ಮೀ. ತ್ರಿಜ್ಯದ ಪೊಳ್ಳಿನ ಕೇಂದ್ರ C ಯನ್ನು O ದಿಂದ 5 ಸೆಂ.ಮೀ. ಬಲಕ್ಕೆ ಸರಿಸಿ. ಆವೇಶ ಸಾಂದ್ರತೆ ρ ಮೊದಲಿನಷ್ಟೇ, ಒಟ್ಟು ಆವೇಶವೂ ಅದೇ +7. ಪೊಳ್ಳಿನೊಳಗೆ C ಸುತ್ತ ಒಂದು ಗಾಸಿಯನ್ ಗೋಳ ಎಳೆದರೆ ಒಳಗೆ ಆವೇಶವಿಲ್ಲ, ಫ್ಲಕ್ಸ್ ಸೊನ್ನೆ. ಹಾಗಾದರೆ E ಸೊನ್ನೆಯೇ?

ಅಲ್ಲ. ಸಮ್ಮಿತಿಯ ವಾದಕ್ಕೆ ಮತ್ತೆ ಹೋಗಿ. O ಸುತ್ತ ತಿರುಗಿಸಿದರೆ ಪೊಳ್ಳು ಜಾಗ ಬದಲಿಸುತ್ತದೆ. C ಸುತ್ತ ತಿರುಗಿಸಿದರೆ ಹೊರಮೈ ಜಾಗ ಬದಲಿಸುತ್ತದೆ. ಉಳಿದಿರುವುದು OC ಅಕ್ಷದ ಸುತ್ತಣ ತಿರುಗು ಮಾತ್ರ, ಅದು ಸಾಲದು. ಆದರೆ ಸಮ್ಮಿತಿಯನ್ನು ಎರಡು ತುಂಡಾಗಿ ಮರಳಿ ಪಡೆಯಬಹುದು. ಪೊಳ್ಳಿಲ್ಲದ, b ತ್ರಿಜ್ಯದ, +8 ನ್ಯಾನೊಕೂಲಂಬ್‌ನ ತುಂಬು ಗೋಳವನ್ನು ತೆಗೆದುಕೊಂಡು, ಅದರ ಮೇಲೆ ಪೊಳ್ಳಿನ ಜಾಗದಲ್ಲಿ −1 ನ್ಯಾನೊಕೂಲಂಬ್‌ನ ತುಂಬು ಗೋಳವನ್ನು ಹೇರಿದರೆ ನಮ್ಮ ಗೋಳವೇ ಸಿಗುತ್ತದೆ. ಪ್ರತಿ ತುಂಡಿಗೂ ತನ್ನದೇ ಕೇಂದ್ರದ ಸುತ್ತ ಪೂರ್ಣ ಸಮ್ಮಿತಿಯಿದೆ. ಪ್ರತಿಯೊಂದಕ್ಕೂ ಗಾಸ್ ನಿಯಮವನ್ನು ಬೇರೆಯಾಗಿ ಬಳಸಬಹುದು. ತುಂಬು ಗೋಳದೊಳಗೆ ಕ್ಷೇತ್ರ ಕೇಂದ್ರದಿಂದ ಇರುವ ದೂರಕ್ಕೆ ನೇರ ಅನುಪಾತದಲ್ಲಿರುತ್ತದೆ.

```
E = (ρ/3ε₀) · OP − (ρ/3ε₀) · CP = (ρ/3ε₀) · OC      (OP, CP, OC ಸದಿಶಗಳು)
ρ/3ε₀ = 9000 (N/C)/m
E = 9000 × 0.05 = 450 N/C
```

P ಎಂಬುದೇ ಮಾಯವಾಗಿದೆ. ಪೊಳ್ಳಿನ ಯಾವ ಮೂಲೆಯಲ್ಲಿಯೂ ಕ್ಷೇತ್ರ 450 ನ್ಯೂಟನ್/ಕೂಲಂಬ್, ದಿಕ್ಕು O ದಿಂದ C ಕಡೆಗೆ, ಏಕರೂಪ. ಒಂದು ಬದಿಯಿಂದ ಒಳಬಂದ ರೇಖೆಗಳೆಲ್ಲ ಇನ್ನೊಂದು ಬದಿಯಿಂದ ಹೊರಹೋಗುತ್ತವೆ, ಆದ್ದರಿಂದ ಫ್ಲಕ್ಸ್ ಸೊನ್ನೆ. ಕ್ಷೇತ್ರ ಮಾತ್ರ ಎದ್ದು ನಿಂತಿದೆ. ಏಕಕೇಂದ್ರ ಗೋಳದಲ್ಲಿ «ಒಳಗೆ ಆವೇಶವಿಲ್ಲ, ಆದ್ದರಿಂದ ಕ್ಷೇತ್ರವಿಲ್ಲ» ಎಂದಷ್ಟೇ ಬರೆದು ಮುಗಿಸುವವರ ಉತ್ತರ ಸರಿಯಿದ್ದರೂ ಕಾರಣ ಅಪೂರ್ಣ ಎನ್ನುವುದು ಇಲ್ಲಿ ತಿಳಿಯುತ್ತದೆ. OC ಸೊನ್ನೆಯಾದಾಗ ಈ ಸೂತ್ರವೂ ಸೊನ್ನೆ ಕೊಡುತ್ತದೆ.

ಹೊರವಲಯದಲ್ಲಿಯೂ ಲೋಹಕ್ಕಿಂತ ಇದು ಭಿನ್ನ. ಅವಾಹಕದ ಆವೇಶ ಸರಿದಾಡಿ ಪೊಳ್ಳಿನ ಜಾಗವನ್ನು ಮರೆಮಾಚುವುದಿಲ್ಲ. O ದಿಂದ 30 ಸೆಂ.ಮೀ. ದೂರದಲ್ಲಿ, ಪೊಳ್ಳು ಸರಿದ ಬಲಬದಿಯಲ್ಲಿ:

```
ಬಲಕ್ಕೆ:  72/(0.30)² − 9/(0.25)² = 800 − 144 = 656 N/C
ಎಡಕ್ಕೆ:  72/(0.30)² − 9/(0.35)² ≈ 800 − 73 = 727 N/C
```

ಏಕಕೇಂದ್ರ ಗೋಳಕ್ಕೆ ಎರಡೂ ಕಡೆ 700 ಬಂದಿತ್ತು. 30 ಸೆಂ.ಮೀ. ತ್ರಿಜ್ಯದ ಗೋಳದ ಮೂಲಕ ಹೊರಬರುವ ಫ್ಲಕ್ಸ್ ಈಗಲೂ 7 ನ್ಯಾನೊಕೂಲಂಬ್‌ಗೆ ತಕ್ಕಷ್ಟೇ ಇದೆ. ಆದರೆ kQ/r² ಎಂದು ಬರೆದವನಿಗೆ ಬಲಕ್ಕೆ 44, ಎಡಕ್ಕೆ 27 ನ್ಯೂಟನ್/ಕೂಲಂಬ್‌ನ ತಪ್ಪಾಗುತ್ತದೆ. ದೂರ ಹೆಚ್ಚಿದಂತೆ ಈ ಅಂತರ ಬೇಗನೆ ಕುಗ್ಗುತ್ತದೆ: 2 ಮೀಟರ್ ದೂರದಲ್ಲಿ ಎರಡೂ ಕಡೆಯ ಬೆಲೆಗಳು ಸುಮಾರು 15.6 ಮತ್ತು 15.9, ಏಕಕೇಂದ್ರ ಗೋಳದ ಬೆಲೆ 15.75.